ಯಾವ ತಿಂಗಳ ರಿಟರ್ನ್‌ನಿಂದ ಹೊಸ ಫೀಸು? ದಾವಣಗೆರೆಯ ಒಂದು ತೆರಿಗೆ ಕಚೇರಿಯ ಪ್ರಕರಣ

"ಏಪ್ರಿಲ್ 1ರಿಂದ ಫೀಸು ಹೆಚ್ಚಾಗುತ್ತದೆ" ಎಂಬ ಸಾಲು ಓದುವಾಗ ಸ್ಪಷ್ಟವಾಗಿಯೇ ಕಾಣುತ್ತದೆ. ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕಚೇರಿಯಲ್ಲಿ ಮಾತ್ರ ಅದಕ್ಕೆ ಮೂರು ಅರ್ಥ ಬರುತ್ತದೆ. ಮಾರ್ಚ್ ತಿಂಗಳ ವ್ಯಾಪಾರದ ತೆರಿಗೆ ಲೆಕ್ಕ ಕೊಡುವ 3ಬಿ ರಿಟರ್ನ್ ಸಲ್ಲಿಸಲು ಕೊನೆಯ ದಿನ ಏಪ್ರಿಲ್ 20. ಕೆಲಸ ನಡೆಯುವುದು ಏಪ್ರಿಲ್‌ನಲ್ಲಿ, ಬಿಲ್ ಹೋಗುವುದೂ ಏಪ್ರಿಲ್‌ನಲ್ಲಿ, ಆದರೆ ರಿಟರ್ನ್ ಮಾರ್ಚ್‌ನದು. ಅದಕ್ಕೆ ಹಳೆಯ ಫೀಸೋ, ಹೊಸದೋ? ಅಂಗಡಿಯ ಯಜಮಾನರು ಹಳೆಯದು ಎಂದುಕೊಂಡಿರುತ್ತಾರೆ, ಬಿಲ್ ಬರೆಯುವ ಹುಡುಗ ಹೊಸದನ್ನು ಹಾಕಿರುತ್ತಾನೆ. ಇಬ್ಬರದೂ ತಪ್ಪಲ್ಲ, ಪತ್ರವೇ ಅರೆಬರೆಯಾಗಿತ್ತು.

ದರ ಏರಿಸುವ ಪತ್ರಗಳು ಕೆಡುವುದು ಮೊತ್ತದಿಂದಲ್ಲ, ಹೆಚ್ಚಾಗಿ ಇಂಥ ತಾರೀಖಿನಿಂದ ಮತ್ತು ಕೇಳಿದರೆ ನಿಲ್ಲದ ಕಾರಣಗಳಿಂದ ಎಂಬುದು ನಮ್ಮ ಖಚಿತ ಅಭಿಪ್ರಾಯ. ಅದನ್ನು ತೋರಿಸಲು ಮಂಡಿಪೇಟೆ ಆಸುಪಾಸಿನ ಒಂದು ಸಣ್ಣ ತೆರಿಗೆ ಕಚೇರಿಯನ್ನು ಇಲ್ಲಿ ತೆಗೆದುಕೊಂಡಿದ್ದೇವೆ. ಇಂಥ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಸೇರಿಸಿ ಕಟ್ಟಿದ ಪ್ರಕರಣ ಇದು. ಮೊತ್ತಗಳು ಲೆಕ್ಕ ತಿಳಿಯಲೆಂದು ದುಂಡಗೆ ಇಟ್ಟವು. ಕಾನೂನಿನ ದಿನಾಂಕಗಳು ಮಾತ್ರ ಇದ್ದದ್ದು ಇದ್ದ ಹಾಗೆ.

ಕಚೇರಿಯ ಸ್ಥಿತಿ

ಕಚೇರಿ ನಡೆಸುವವರು ಒಬ್ಬ ಮಹಿಳೆ, ತೆರಿಗೆ ಸಲಹೆಗಾರರು. ಪಾರ್ಟಿಗಳಲ್ಲಿ, ಅಂದರೆ ಕೆಲಸ ಕೊಡುವ ಅಂಗಡಿಯವರಲ್ಲಿ, ಹೆಚ್ಚಿನವರಿಗೆ ಅವರು "ಮೇಡಂ", ಹಳೆಯ ಸಾಹುಕಾರರಿಗೆ "ಅಮ್ಮ". ಮೂವರು ಸಿಬ್ಬಂದಿ. ಒಟ್ಟು 90 ಪಾರ್ಟಿಗಳು: ಅಕ್ಕಿ, ಬೇಳೆ, ಮೆಕ್ಕೆಜೋಳದ ವ್ಯಾಪಾರಿಗಳು, ಬಟ್ಟೆ ಅಂಗಡಿಗಳು, ಹಾರ್ಡ್‌ವೇರ್, ಒಂದೆರಡು ಪ್ರಿಂಟಿಂಗ್ ಪ್ರೆಸ್. ಅದರಲ್ಲಿ 40 ಜನ ತಿಂಗಳ ರಿಟರ್ನ್‌ನವರು, ತಿಂಗಳಿಗೆ 1,500 ರೂಪಾಯಿ. 38 ಜನ ಮೂರು ತಿಂಗಳಿಗೊಮ್ಮೆ ಸಲ್ಲಿಸುವವರು, ತ್ರೈಮಾಸಿಕಕ್ಕೆ 2,400. ಉಳಿದ 12 ಜನ ಕಾಂಪೋಸಿಷನ್‌ನವರು, ಅಂದರೆ ಒಟ್ಟು ವಹಿವಾಟಿನ ಮೇಲೆ ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು, ತ್ರೈಮಾಸಿಕಕ್ಕೆ 1,500. ವರ್ಷಕ್ಕೆ ಬರುವ ಫೀಸು ಒಟ್ಟು 11,56,800 ರೂಪಾಯಿ. ಈ ದರ 2021ರ ಏಪ್ರಿಲ್‌ನಲ್ಲಿ ನಿಗದಿಯಾದದ್ದು, ಆಮೇಲೆ ಅಲುಗಾಡಿರಲಿಲ್ಲ.

2024ರ ಕೊನೆಗೆ ಲೆಕ್ಕ ಹಾಕಿದಾಗ, ಮೂವರ ಸಂಬಳ ಸೇರಿ ತಿಂಗಳಿಗೆ 31,000 ಇದ್ದದ್ದು 43,000 ಆಗಿತ್ತು. ಬಾಡಿಗೆ 8,000ದಿಂದ 10,000ಕ್ಕೆ ಏರಿತ್ತು. ಸಾಫ್ಟ್‌ವೇರ್, ಇಂಟರ್ನೆಟ್, ಕಾಗದ ಸೇರಿ ತಿಂಗಳಿಗೆ ಇನ್ನೊಂದು ಸಾವಿರ. ಹೀಗೆ ವರ್ಷಕ್ಕೆ 1,80,000 ರೂಪಾಯಿ ಖರ್ಚು ಹೆಚ್ಚಾಗಿತ್ತು, ಅಷ್ಟೂ ಮೇಡಂ ಅವರ ಸ್ವಂತ ಗಳಿಕೆಯಿಂದಲೇ ಹೋಗುತ್ತಿತ್ತು. ಇದು ಒಂದು ಕಾರಣ. ಇನ್ನೊಂದು ಕಾರಣ ಸಂಬಳದಲ್ಲಿ ಕಾಣುವುದಿಲ್ಲ, ಕೆಲಸದಲ್ಲಿ ಕಾಣುತ್ತದೆ.

ಕಾರಣವನ್ನು ಅಳೆಯುವುದು

ಪತ್ರದ ಮೊದಲ ಕರಡಿನಲ್ಲಿ "ಸರ್ಕಾರದ ಹೊಸ ನಿಯಮಗಳಿಂದಾಗಿ ಕೆಲಸ ಹೆಚ್ಚಾಗಿದ್ದು, ಫೀಸು ಪರಿಷ್ಕರಿಸುವುದು ಅನಿವಾರ್ಯವಾಗಿದೆ" ಎಂದು ಬರೆದಿತ್ತು. ಈ ವಾಕ್ಯವನ್ನು ಬಹಳ ಕಚೇರಿಗಳು ಬರೆಯುತ್ತವೆ. ಅರ್ಧ ನಿಜವಾದ್ದರಿಂದಲೇ ಇದು ಅಪಾಯದ ವಾಕ್ಯ.

ನಿಜವಾದ ಅರ್ಧ ಇದು. 2022ರ ಜನವರಿ 1ರಿಂದ, ಮಾರಾಟಗಾರ ತನ್ನ ರಿಟರ್ನ್‌ನಲ್ಲಿ ತೋರಿಸಿ ಅದು ಕೊಂಡವನ 2ಬಿ ಪಟ್ಟಿಯಲ್ಲಿ ಕಾಣಿಸಿಕೊಂಡ ಬಿಲ್‌ಗಳಿಗೆ ಮಾತ್ರ ಹೂಡುವಳಿ ತೆರಿಗೆ ಜಮೆ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಅವಕಾಶ, ಸಿಗುತ್ತದೆ. ಅದಕ್ಕೆ ಮೊದಲು ಪಟ್ಟಿಯಲ್ಲಿ ಕಾಣದ ಬಿಲ್‌ಗಳಿಗೂ ಒಂದು ಮಿತಿಯವರೆಗೆ ಜಮೆ ತೆಗೆದುಕೊಳ್ಳಲು ಅವಕಾಶವಿತ್ತು. ಈಗ ಆ ಸಡಿಲ ಇಲ್ಲ. 14ನೇ ತಾರೀಖಿಗೆ 2ಬಿ ಸಿದ್ಧವಾಗುತ್ತದೆ, 20ಕ್ಕೆ 3ಬಿ ಸಲ್ಲಿಸಬೇಕು. ನಡುವಿನ ಆರು ದಿನದಲ್ಲಿ ಪ್ರತಿ ಪಾರ್ಟಿಯ ಖರೀದಿ ಬಿಲ್‌ಗಳನ್ನು ಆ ಪಟ್ಟಿಯೊಂದಿಗೆ ಹೊಂದಿಸಿ, ಕಾಣದ ಬಿಲ್ ಯಾರದು ಎಂದು ಹುಡುಕಿ, ಆ ಮಾರಾಟಗಾರನಿಗೆ ಫೋನ್ ಮಾಡಿಸಬೇಕು. ಈ ಕೆಲಸವನ್ನು ಬಿಟ್ಟುಬಿಡುವ ಹಾಗೂ ಇಲ್ಲ. 2023ರಿಂದ, 2ಬಿಯಲ್ಲಿ ಇರುವುದಕ್ಕಿಂತ ತುಂಬ ಹೆಚ್ಚು ಜಮೆ ತೆಗೆದುಕೊಂಡರೆ ಪೋರ್ಟಲ್‌ನಿಂದಲೇ ಸೂಚನೆ ಬರುತ್ತದೆ. ಏಳು ದಿನದೊಳಗೆ ಹಣ ಕಟ್ಟಬೇಕು ಅಥವಾ ಉತ್ತರ ಕೊಡಬೇಕು. ಕೊಡದಿದ್ದರೆ ಮುಂದಿನ ಮಾರಾಟದ ರಿಟರ್ನ್ ಸಲ್ಲಿಸಲು ಬಿಡುವುದಿಲ್ಲ. ಅಂಗಡಿಯವರ ರಿಟರ್ನ್ ನಿಂತರೆ ಅವರಿಂದ ಕೊಂಡವರ ಜಮೆಯೂ ನಿಲ್ಲುತ್ತದೆ.

ನಿಲ್ಲದ ಅರ್ಧ ಎಂದರೆ "ಹೊಸ" ಎಂಬ ಮಾತು. ಪತ್ರ ಬರೆಯುವ ಹೊತ್ತಿಗೆ ನಿಯಮ ಬಂದು ಮೂರು ವರ್ಷವಾಗಿತ್ತು. ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ "ಅದು 2022ರ ನಿಯಮ ಅಲ್ವಾ ಮೇಡಂ, ಈಗ್ಯಾಕೆ?" ಎಂದು ಕೇಳಬಹುದು. ಪ್ರಾಮಾಣಿಕ ಉತ್ತರ ಒಂದೇ: ಮೂರು ವರ್ಷ ಅದೇ ಫೀಸಿನಲ್ಲಿ ಆ ಕೆಲಸ ಮಾಡಿದ್ದೇವೆ, ಇನ್ನು ಮಾಡಲು ಆಗುತ್ತಿಲ್ಲ. ಹಾಗಾದರೆ ಪತ್ರದಲ್ಲೇ ಅದನ್ನು ಬರೆದುಬಿಡಬೇಕು. ಕೇಳಿದ ಮೇಲೆ ಹೇಳಿದ ಸತ್ಯ ಸಬೂಬಿನ ಹಾಗೆ ಕೇಳಿಸುತ್ತದೆ.

ಅದೇ ಕರಡಿನಲ್ಲಿ 2024ರ ಅಕ್ಟೋಬರ್‌ನಲ್ಲಿ ಬಂದ ಇನ್‌ವಾಯ್ಸ್ ಮ್ಯಾನೇಜ್‌ಮೆಂಟ್ ಸಿಸ್ಟಂ ಅನ್ನೂ ಕಡ್ಡಾಯ ಹೊರೆ ಎಂದು ತೋರಿಸಿತ್ತು. ಮಾರಾಟಗಾರರು ತೋರಿಸಿದ ಬಿಲ್‌ಗಳನ್ನು ಒಪ್ಪಲು ಅಥವಾ ತಿರಸ್ಕರಿಸಲು ಪೋರ್ಟಲ್‌ನಲ್ಲಿ ಆ ಸೌಲಭ್ಯ ಇರುವುದು ನಿಜ. ಆದರೆ ಬಿಲ್‌ಗಳ ಮೇಲೆ ಅಲ್ಲಿ ಏನೂ ಒತ್ತದಿದ್ದರೆ ಅವು ಒಪ್ಪಿಗೆಯಾದಂತೆ ಎಣಿಸಲ್ಪಡುತ್ತವೆ. ಎಲ್ಲ ಪಾರ್ಟಿಗೂ ಅದರಿಂದ ಕೆಲಸ ಹೆಚ್ಚಿತು ಎನ್ನುವುದು ಸುಳ್ಳು. ಪಾರ್ಟಿಯ ಮನೆಯಲ್ಲಿ ಸಿಎ ಓದುತ್ತಿರುವ ಒಬ್ಬ ಮಗನಿದ್ದರೆ ಸಾಕು, ಆ ಒಂದು ಸಾಲಿನಿಂದ ಇಡೀ ಪತ್ರ ಬಿದ್ದುಹೋಗುತ್ತದೆ. ಅದನ್ನು ತೆಗೆದುಹಾಕಲಾಯಿತು.

ಉಳಿದ ಕಾರಣವನ್ನು ಅಳೆದ ಬಗೆ ಸರಳ. ನವೆಂಬರ್, ಡಿಸೆಂಬರ್ ಎರಡು ತಿಂಗಳು ಪ್ರತಿ ಪಾರ್ಟಿಯ ಫೈಲಿಗೆ ಒಂದು ಚೀಟಿ ಅಂಟಿಸಿ, 2ಬಿ ಹೊಂದಾಣಿಕೆ ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ಮಾಡಿದ ಫೋನುಗಳ ಸಂಖ್ಯೆ ಬರೆದಿಟ್ಟರು. ತಿಂಗಳ ಪಾರ್ಟಿಗೆ ಸರಾಸರಿ ಒಂದೂವರೆ ಗಂಟೆ ಬಂತು. ಇಲ್ಲಿ ಒಂದು ಎಚ್ಚರಿಕೆ. "2021ರಲ್ಲಿ ಮೂರು ಗಂಟೆ ಹಿಡಿಯುತ್ತಿತ್ತು, ಈಗ ಐದು" ಎಂದು ಬರೆಯುವ ಆಸೆ ಬರುತ್ತದೆ. 2021ರಲ್ಲಿ ಯಾರೂ ಅಳೆದಿರಲಿಲ್ಲವಾದ್ದರಿಂದ ಆ ಹೋಲಿಕೆ ಬರೆಯಬಾರದು. ಬೇರೆಯಾಗಿ ಎಣಿಸಬಹುದಾದ ಒಂದು ಕೆಲಸ, ಅದರ ಈಗಿನ ಹೊತ್ತು, ಅಷ್ಟೇ ಸಾಕು.

ಚೀಟಿಗಳಿಂದ ಇನ್ನೊಂದು ಪ್ರಯೋಜನವೂ ಆಯಿತು. ಕಾಂಪೋಸಿಷನ್‌ನವರು ಹೂಡುವಳಿ ತೆರಿಗೆ ಜಮೆ ತೆಗೆದುಕೊಳ್ಳುವುದೇ ಇಲ್ಲ, ಹಾಗಾಗಿ ಅವರ ಫೈಲಿನಲ್ಲಿ ಈ ಕೆಲಸವೇ ಇರಲಿಲ್ಲ. ಹೊಂದಾಣಿಕೆ ಕೆಲಸವನ್ನು ಕಾರಣವಾಗಿ ಕೊಟ್ಟು ಅವರ ಫೀಸೂ ಏರಿಸಿದರೆ ಕಾರಣವೇ ಸುಳ್ಳಾಗುತ್ತದೆ. ಆ 12 ಜನರ ಫೀಸು ಹಾಗೆಯೇ ಉಳಿಯಿತು.

ಎಷ್ಟು ಏರಿಸಬೇಕು

ತಿಂಗಳ ಪಾರ್ಟಿಗೆ 1,500ರಿಂದ 2,000, ತ್ರೈಮಾಸಿಕದವರಿಗೆ 2,400ರಿಂದ 3,000. ಎಲ್ಲರೂ ಉಳಿದರೆ ವರ್ಷಕ್ಕೆ 3,31,200 ರೂಪಾಯಿ ಹೆಚ್ಚು ಬರುತ್ತದೆ. ಆಗಲೇ ಏರಿರುವ ಖರ್ಚು 1,80,000. ಹೊಂದಾಣಿಕೆ ಕೆಲಸಕ್ಕೆ ತಿಂಗಳಿಗೆ 11,000 ಕೊಟ್ಟು ಒಬ್ಬರನ್ನು ಇಟ್ಟರೆ 1,32,000. ಎರಡೂ ಸೇರಿ 3,12,000. ಉಳಿಯುವುದು 19,200, ಅಂದರೆ ಒಬ್ಬ ತಿಂಗಳ ಪಾರ್ಟಿ ವರ್ಷಕ್ಕೆ ಕೊಡುವ 24,000ಕ್ಕಿಂತಲೂ ಕಡಿಮೆ. ಯಾರೂ ಬಿಡುವುದಿಲ್ಲ ಎಂದು ಎಣಿಸಿ ಹೊಸಬರನ್ನು ನೇಮಿಸಿದರೆ, ಒಬ್ಬ ಪಾರ್ಟಿ ಹೋದರೂ ಲೆಕ್ಕ ತಪ್ಪುತ್ತದೆ. ಆದ್ದರಿಂದ ನೇಮಕವನ್ನು ಮೇ ಬಿಲ್‌ಗಳ ಹಣ ಬಂದ ಮೇಲೆ ಎಂದು ಇಟ್ಟುಕೊಂಡರು. ಪತ್ರದಲ್ಲೂ "ಹೊಸಬರನ್ನು ನೇಮಿಸುತ್ತೇವೆ" ಎಂದು ಬರೆಯಲಿಲ್ಲ.

ಕಚೇರಿಯ ವಾರ್ಷಿಕ ಆದಾಯ 20 ಲಕ್ಷ ದಾಟದ್ದರಿಂದ ಫೀಸಿನ ಮೇಲೆ ಜಿಎಸ್‌ಟಿ ಇಲ್ಲ. ನೋಂದಣಿ ಇರುವ ಕಚೇರಿಯಾದರೆ ಶೇ 18 ಸೇರಿ ಕೈಯಿಂದ ಹೋಗುವ ಒಟ್ಟು ಮೊತ್ತವನ್ನೇ ಪತ್ರದಲ್ಲಿ ಬರೆಯಬೇಕು. 2,000 ಎಂದು ಓದಿದವರಿಗೆ 2,360ರ ಬಿಲ್ ಹೋದರೆ ಎರಡು ಸಲ ಏರಿಸಿದಂತೆ ಆಗುತ್ತದೆ.

ಒಂದೇ ಸಲಕ್ಕೆ 500 ರೂಪಾಯಿ ದೊಡ್ಡ ಏರಿಕೆಯೇ, ಶೇ 33. ನಾಲ್ಕು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು ಶೇ 7.5 ಎಂದು ತೋರಿಸಬಹುದು, ಲೆಕ್ಕವೂ ಸರಿ. ಆದರೆ ಅದನ್ನು ಪತ್ರದ ಮುಂಚೂಣಿಯಲ್ಲಿ ಇಡುವುದು ನಮಗೆ ಸರಿ ಕಾಣುವುದಿಲ್ಲ. ಯಜಮಾನರ ಕಿಸೆಯಿಂದ ಹೋಗುವುದು ರೂಪಾಯಿ. ರೂಪಾಯಿಯನ್ನೇ ಮೊದಲು ಹೇಳಬೇಕು.

ತಾರೀಖನ್ನು ಯಾವುದಕ್ಕೆ ಕಟ್ಟಬೇಕು

ಫೀಸು ಬದಲಾಗುವ ತಾರೀಖನ್ನು ಬಿಲ್ ಬರೆದ ದಿನಕ್ಕೆ, ಕೆಲಸ ಮಾಡಿದ ದಿನಕ್ಕೆ ಅಥವಾ ರಿಟರ್ನ್‌ನ ಅವಧಿಗೆ ಕಟ್ಟಬಹುದು. ಬಿಲ್ಲಿನ ದಿನಕ್ಕೆ ಕಟ್ಟಿದರೆ, ಫೆಬ್ರುವರಿಯ ಬಿಲ್ ಬರೆಯುವುದು ಕಚೇರಿಯಲ್ಲೇ ತಡವಾಗಿ ಏಪ್ರಿಲ್‌ಗೆ ಹೋದರೂ ಪಾರ್ಟಿ ಹೊಸ ಫೀಸು ಕೊಡಬೇಕಾಗುತ್ತದೆ. ಕೆಲಸದ ದಿನಕ್ಕೆ ಕಟ್ಟಿದರೆ, ಮಾರ್ಚ್ ಬಿಲ್‌ಗಳನ್ನು ಮಾರ್ಚ್ 30ಕ್ಕೇ ತಂದುಕೊಟ್ಟವರಿಗೂ ಏಪ್ರಿಲ್ 15ಕ್ಕೆ ತಂದವರಿಗೂ ಬೇರೆ ಬೇರೆ ಫೀಸು, ವಾದಕ್ಕೆ ಕೊನೆಯಿಲ್ಲ. ಅವಧಿಗೆ ಕಟ್ಟಿದರೆ ಪ್ರಶ್ನೆಯೇ ಇಲ್ಲ, ಏಕೆಂದರೆ ಅವಧಿ ಪ್ರತಿ ರಿಟರ್ನ್‌ನ ಮೇಲೂ ಅಚ್ಚಾಗಿರುತ್ತದೆ.

ಹಾಗಾಗಿ ನಿಯಮ ಇದು: ಏಪ್ರಿಲ್ 2025 ಮತ್ತು ಅದರ ನಂತರದ ವ್ಯಾಪಾರದ ರಿಟರ್ನ್‌ಗಳಿಗೆ ಹೊಸ ಫೀಸು. ಮಾರ್ಚ್ 2025ರವರೆಗಿನ ಯಾವ ರಿಟರ್ನ್‌ಗಾದರೂ, ಅದನ್ನು ಆಗಸ್ಟ್‌ನಲ್ಲಿ ಸಲ್ಲಿಸಿದರೂ, ಹಳೆಯ ಫೀಸು. ತಿಂಗಳ ಪಾರ್ಟಿಗೆ ಹೊಸ ದರದ ಮೊದಲ ಬಿಲ್ ಮೇ ಕೊನೆಗೆ ಬರುತ್ತದೆ. ತ್ರೈಮಾಸಿಕದವರಿಗೆ ಏಪ್ರಿಲ್‌ನಿಂದ ಜೂನ್‌ವರೆಗಿನ ರಿಟರ್ನ್ ಜುಲೈನಲ್ಲಿ ಸಲ್ಲಿಕೆಯಾಗುವುದರಿಂದ, ಮೊದಲ ಹೊಸ ಬಿಲ್ ಜುಲೈ ಕೊನೆಗೆ. ವಾರ್ಷಿಕ ಆದಾಯ ತೆರಿಗೆ ರಿಟರ್ನ್‌ಗೆ ಬೇರೆ ಫೀಸಿದೆ, ಅದು ಬದಲಾಗಿಲ್ಲ. ಬದಲಾಗಿಲ್ಲ ಎಂಬುದನ್ನೂ ಬರೆಯಬೇಕು. ಬರೆಯದಿದ್ದರೆ ಜುಲೈನಲ್ಲಿ ಅದರ ಬಿಲ್ ಕೈಗೆ ಬಂದಾಗ ಅದೂ ಏರಿತೇನೋ ಎಂದು ಅನುಮಾನದಿಂದಲೇ ನೋಡುತ್ತಾರೆ.

"ಯುಗಾದಿ ಆದ ಮೇಲೆ ಸ್ವಲ್ಪ ಜಾಸ್ತಿ ಆಗುತ್ತೆ" ಎಂದು ಬಾಯಲ್ಲಿ ಹೇಳಿಬಿಡುವ ರೂಢಿ ನಮ್ಮ ಪೇಟೆಯಲ್ಲಿ ಇದೆ. 2025ರ ಯುಗಾದಿ ಮಾರ್ಚ್ 30ಕ್ಕೆ ಬಂತು. ಆ ಮಾತನ್ನು ನಂಬಿದವರಿಗೆ ಮಾರ್ಚ್ ರಿಟರ್ನ್ ಯಾವ ಕಡೆ ಬೀಳುತ್ತದೆ ಎಂದು ಹೇಳಲಾಗದು, "ಸ್ವಲ್ಪ" ಎಷ್ಟು ಎಂಬುದಂತೂ ಯಾರಿಗೂ ಗೊತ್ತಿಲ್ಲ.

ಏಪ್ರಿಲ್ ಅವಧಿಯನ್ನೇ ಆರಿಸಿದ್ದಕ್ಕೆ ಪಾರ್ಟಿಯ ಅನುಕೂಲವೂ ಕಾರಣ. ಬಿಟ್ಟುಹೋಗುವವರು ಆರ್ಥಿಕ ವರ್ಷ ಮುಗಿದಲ್ಲಿ ಬಿಟ್ಟುಹೋದರೆ, ಹೊಸ ಸಲಹೆಗಾರರಿಗೆ ಪೂರ್ತಿ ಒಂದು ವರ್ಷದ ಲೆಕ್ಕ ಒಂದೇ ಕೈಯಿಂದ ಸಿಗುತ್ತದೆ. ನಡುವರ್ಷದಲ್ಲಿ ಬಿಟ್ಟರೆ ವಾರ್ಷಿಕ ರಿಟರ್ನ್ ಹೊತ್ತಿಗೆ ಎರಡು ಕಚೇರಿಗಳ ಲೆಕ್ಕ ಹೊಂದಿಸುವ ಕಷ್ಟ ಅಂಗಡಿಯವರ ತಲೆಗೆ ಬರುತ್ತದೆ.

ಹೇಳುವ ದಿನ ಜನವರಿ 27, ಸೋಮವಾರ. ಡಿಸೆಂಬರ್ ರಿಟರ್ನ್‌ಗಳ ಗಡಿಬಿಡಿ ಆಗ ಮುಗಿದಿರುತ್ತದೆ. 18, 19ನೇ ತಾರೀಖಿಗೆ ಹೇಳಿದರೆ, ರಿಟರ್ನ್ ಕಚೇರಿಯ ಕೈಯಲ್ಲಿರುವಾಗ ಕತ್ತು ಹಿಡಿದಂತೆ ಅನಿಸುತ್ತದೆ. ಮಾರ್ಚ್‌ನಲ್ಲಿ ಹೇಳಿದರೆ ವರ್ಷಾಂತ್ಯದ ಗದ್ದಲದಲ್ಲಿ ಬೇರೆಯವರನ್ನು ಹುಡುಕಲು ಬಿಡುವಿರುವುದಿಲ್ಲ. ಜನವರಿ ಕೊನೆಗೆ ಹೇಳಿದರೆ ಏಪ್ರಿಲ್‌ಗೆ ಎರಡು ತಿಂಗಳು, ಹೊಸ ಬಿಲ್ಲಿಗೆ ಸುಮಾರು ನಾಲ್ಕು ತಿಂಗಳು.

ಕಳಿಸಿದ ಪತ್ರ

ತಿಂಗಳ ಪಾರ್ಟಿಗಳಿಗೆ ಹೋದ ಪತ್ರ ಇದು. ವಾಟ್ಸಾಪ್‌ನಲ್ಲಿ ಮೆಸೇಜಿನ ಒಳಗೇ ಬರೆದು, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಅವರ ಮೊತ್ತ ಹಾಕಿ ಕಳಿಸಿದರು. ಪಿಡಿಎಫ್ ಆದರೆ ಅಂಗಡಿಯಲ್ಲಿ ಕೂತವರು ತೆರೆಯುವುದು ಅಪರೂಪ.

> ಯಜಮಾನರಿಗೆ ನಮಸ್ಕಾರ.
>
> ನಿಮ್ಮ ಅಂಗಡಿಯ ಜಿಎಸ್‌ಟಿ ರಿಟರ್ನ್ ಕೆಲಸದ ಫೀಸು ತಿಂಗಳಿಗೆ 1,500 ರೂಪಾಯಿ ಇದೆ. ಏಪ್ರಿಲ್ 2025ರ ವ್ಯಾಪಾರದ ರಿಟರ್ನ್‌ನಿಂದ ಅದು 2,000 ರೂಪಾಯಿ ಆಗುತ್ತದೆ. ಆ ರಿಟರ್ನ್ ಮೇ ತಿಂಗಳಲ್ಲಿ ಸಲ್ಲಿಕೆಯಾಗುತ್ತದೆ, ಹೊಸ ದರದ ಮೊದಲ ಬಿಲ್ ಮೇ 21ರ ನಂತರ ಬರುತ್ತದೆ. ಮಾರ್ಚ್ 2025ರವರೆಗಿನ ರಿಟರ್ನ್‌ಗಳಿಗೆ, ಯಾವಾಗ ಸಲ್ಲಿಸಿದರೂ, ಹಳೆಯ ಫೀಸೇ. ಆದಾಯ ತೆರಿಗೆ ರಿಟರ್ನ್‌ನ ಫೀಸು ಬದಲಾಗಿಲ್ಲ.
>
> ಕಾರಣ ಎರಡು. ಈಗಿನ ಫೀಸು 2021ರದು, ಆಮೇಲೆ ನಮ್ಮ ಸಿಬ್ಬಂದಿ ಸಂಬಳ ಮತ್ತು ಬಾಡಿಗೆ ಹೆಚ್ಚಾಗಿದೆ. ಜೊತೆಗೆ 2022ರಿಂದ ನಿಮ್ಮ ಖರೀದಿ ಬಿಲ್‌ಗಳನ್ನು 2ಬಿ ಪಟ್ಟಿಯೊಂದಿಗೆ ಹೊಂದಿಸುವ ಕೆಲಸ ಸೇರಿದೆ. ಒಬ್ಬ ಪಾರ್ಟಿಗೆ ತಿಂಗಳಿಗೆ ಸರಾಸರಿ ಒಂದೂವರೆ ಗಂಟೆ ಹಿಡಿಯುತ್ತದೆ. ಇಷ್ಟು ದಿನ ಅದನ್ನು ಹಳೆಯ ಫೀಸಿನಲ್ಲೇ ಮಾಡಿದೆವು, ಇನ್ನು ಸಾಧ್ಯವಾಗುತ್ತಿಲ್ಲ.
>
> ಏಪ್ರಿಲ್ ಅವಧಿಯಿಂದ, 2ಬಿಯಲ್ಲಿ ಕಾಣದ ಬಿಲ್‌ಗಳ ಪಟ್ಟಿಯನ್ನು ಪ್ರತಿ ತಿಂಗಳು 17ನೇ ತಾರೀಖಿನೊಳಗೆ ನಿಮಗೆ ಕಳಿಸುತ್ತೇವೆ. ನಿಮ್ಮ ಖರೀದಿ ಬಿಲ್‌ಗಳು 8ನೇ ತಾರೀಖಿನೊಳಗೆ ನಮಗೆ ಸಿಕ್ಕಿರಬೇಕು.
>
> ಬಿಲ್‌ಗಳನ್ನು ನೀವೇ ಕಂಪ್ಯೂಟರಿನಲ್ಲಿ ಏರಿಸಿ ಫೈಲ್ ಕೊಡುವುದಾದರೆ ಫೀಸು 1,700 ರೂಪಾಯಿ. ಇದು ಎಲ್ಲರಿಗೂ ಒಂದೇ.
>
> ಬೇರೆ ಕಡೆ ಕೆಲಸ ಕೊಡಬೇಕೆಂದಿದ್ದರೆ ಮಾರ್ಚ್ 15ರೊಳಗೆ ತಿಳಿಸಿ. ಮಾರ್ಚ್ ರಿಟರ್ನ್‌ವರೆಗೆ ನಾವೇ ಮಾಡಿಕೊಟ್ಟು, ನಿಮ್ಮ ಲಾಗಿನ್ ಮತ್ತು ಎಲ್ಲ ಫೈಲ್‌ಗಳನ್ನು ಒಪ್ಪಿಸುತ್ತೇವೆ. ಅದಕ್ಕೆ ಫೀಸಿಲ್ಲ.
>
> ಏನಾದರೂ ಕೇಳಬೇಕಿದ್ದರೆ ನನಗೇ ಫೋನ್ ಮಾಡಿ.

ಕ್ಷಮಾಪಣೆಯ ಮಾತು ಇದರಲ್ಲಿ ಇಲ್ಲ. "ನಿಮ್ಮ ಸಹಕಾರ ಸದಾ ಹೀಗೇ ಇರಲಿ" ಎಂಬ ಸಾಲೂ ಇಲ್ಲ. ಆ ಜಾಗಕ್ಕೆ 17ನೇ ತಾರೀಖು ಬಂದಿದೆ. ಅದು ಪಾರ್ಟಿ ಪ್ರತಿ ತಿಂಗಳು ಪರೀಕ್ಷಿಸಬಹುದಾದ ಮಾತು. 2ಬಿ ಬರುವುದು 14ಕ್ಕೆ, ಮೂರು ದಿನದಲ್ಲಿ ಪಟ್ಟಿ ಕೊಡಬೇಕೆಂದರೆ ಖರೀದಿ ಬಿಲ್‌ಗಳು ಮೊದಲೇ ಏರಿರಬೇಕು. ಹಾಗಾಗಿಯೇ 8ನೇ ತಾರೀಖಿನ ಷರತ್ತು. ಷರತ್ತಿಲ್ಲದೆ 17 ಎಂದು ಬರೆದಿದ್ದರೆ ಮೊದಲ ತಿಂಗಳೇ ಮಾತು ತಪ್ಪುತ್ತಿತ್ತು.

ಕಾಂಪೋಸಿಷನ್‌ನ 12 ಜನರಿಗೂ ಎರಡು ಸಾಲು ಹೋಯಿತು: "ಕೆಲವು ಪಾರ್ಟಿಗಳ ಫೀಸು ಏಪ್ರಿಲ್ ಅವಧಿಯಿಂದ ಹೆಚ್ಚಾಗುತ್ತಿದೆ. ನಿಮ್ಮದು ಹೆಚ್ಚಾಗಿಲ್ಲ." ಇದನ್ನು ಬಿಡಬಾರದು. ಮಂಡಿಪೇಟೆಯಲ್ಲಿ ಒಂದು ಅಂಗಡಿಗೆ ಹೇಳಿದ್ದು ಸಂಜೆಯೊಳಗೆ ಇಡೀ ಸಾಲಿಗೆ ಗೊತ್ತಾಗುತ್ತದೆ.

ಅದೇ ಕಾರಣಕ್ಕೆ ಹೇಳುವ ಕ್ರಮವೂ ಮುಖ್ಯ. ಹತ್ತು ಹಳೆಯ ಪಾರ್ಟಿಗಳಿಗೆ ಮೇಡಂ ಸೋಮವಾರ ಬೆಳಿಗ್ಗೆ ತಾವೇ ಫೋನ್ ಮಾಡಿದರು, ಮಧ್ಯಾಹ್ನ ಎರಡಕ್ಕೆ ಉಳಿದ ಎಲ್ಲರಿಗೂ ಮೆಸೇಜ್ ಹೋಯಿತು. ಫೋನುಗಳನ್ನು ಮೂರು ದಿನಕ್ಕೆ ಹಂಚಿದ್ದರೆ ಅರ್ಧ ಜನಕ್ಕೆ ಪಕ್ಕದ ಅಂಗಡಿಯವರಿಂದ ಸುದ್ದಿ ತಿಳಿಯುತ್ತಿತ್ತು. ಅಂಗಡಿಯ ನಂಬರಿನಲ್ಲಿ ವಾಟ್ಸಾಪ್ ನೋಡುವವರು ಗುಮಾಸ್ತರಾಗಿದ್ದ ಕಡೆ, ಪತ್ರದ ಪ್ರತಿಯನ್ನು ಸಹಿ ಮಾಡಿ ಯಜಮಾನರ ಕೈಗೇ ಕೊಟ್ಟುಬಂದರು.

ಹಳೆಯ ಬಾಕಿಯ ವಿಷಯವನ್ನು ಪತ್ರದಲ್ಲಿ ಎತ್ತಲೇ ಇಲ್ಲ. ಬಾಕಿ ಇದ್ದವರಿಗೆ ಫೆಬ್ರುವರಿಯಲ್ಲಿ ಬೇರೆ ಲೆಕ್ಕ ಹೋಯಿತು. ಎರಡನ್ನೂ ಸೇರಿಸಿದರೆ ದರದ ಪತ್ರ ವಸೂಲಿ ನೋಟಿಸಿನ ಹಾಗೆ ಓದಿಸಿಕೊಳ್ಳುತ್ತದೆ.

ಮುಂಗಡ ಕೊಟ್ಟವರು

ತಿಂಗಳ ರಿಟರ್ನ್‌ನ ಐದು ಪಾರ್ಟಿಗಳು ದೀಪಾವಳಿಯಲ್ಲಿ ಹೊಸ ಲೆಕ್ಕ ತೆರೆಯುವಾಗ 2024ರ ನವೆಂಬರ್‌ನಿಂದ 2025ರ ಅಕ್ಟೋಬರ್‌ವರೆಗಿನ ಫೀಸನ್ನು ಒಟ್ಟಿಗೆ ಕೊಟ್ಟಿದ್ದರು. ಅವರಿಂದ ಏಪ್ರಿಲ್‌ನಿಂದ ವ್ಯತ್ಯಾಸ ಕೇಳುವಂತಿಲ್ಲ. ದುಡ್ಡು ತೆಗೆದುಕೊಂಡ ದಿನವೇ ಆ ಹನ್ನೆರಡು ತಿಂಗಳ ದರ ಮುಗಿದ ಮಾತು. ಅವರ ಪತ್ರದಲ್ಲಿ ಹೊಸ ಫೀಸು ನವೆಂಬರ್ 2025ರ ವ್ಯಾಪಾರದಿಂದ ಎಂದು ಬರೆದರು. ಏಳು ತಿಂಗಳಿಗೆ ಒಬ್ಬರಿಗೆ 3,500ರಂತೆ 17,500 ರೂಪಾಯಿ ಬಿಟ್ಟಂತಾಯಿತು. ಇದನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸುದ್ದಿ ತಿಳಿದ ಮರುದಿನವೇ ಇಬ್ಬರು "ಈಗಲೇ ಒಂದು ವರ್ಷದ್ದು ಹಳೇ ರೇಟಲ್ಲಿ ಕೊಡ್ತೀನಿ" ಎಂದು ಬಂದರು. ಜನವರಿ 27ಕ್ಕೆ ಮೊದಲು ಬಂದ ಮುಂಗಡಕ್ಕೆ ಮಾತ್ರ ಹಳೆಯ ದರ, ಆಮೇಲೆ ಕೊಟ್ಟದ್ದು ಮಾರ್ಚ್‌ವರೆಗಿನ ಅವಧಿಗೆ ಮಾತ್ರ ಎಂದು ಮೊದಲೇ ಬರೆದಿಟ್ಟುಕೊಂಡದ್ದರಿಂದ ಉತ್ತರ ಸಿದ್ಧವಿತ್ತು. ಇಬ್ಬರಿಗೆ ಒಪ್ಪಿದ್ದರೆ ನಲವತ್ತೂ ಜನರಿಗೆ ಒಪ್ಪಬೇಕಾಗುತ್ತಿತ್ತು.

ಕೇಳಿದ ಪ್ರಶ್ನೆಗಳು, ಬಿಟ್ಟುಹೋದವರು

ಅಕ್ಕಿ ವ್ಯಾಪಾರದ ಹಿರಿಯರೊಬ್ಬರು ಕಚೇರಿಗೇ ಬಂದರು.

"ಏನಮ್ಮಾ, ಒಂದೇ ಸಲಕ್ಕೆ ಐನೂರು ಏರಿಸಿಬಿಟ್ರಲ್ಲ. ಪಕ್ಕದೋರಿಗೆ ಎಷ್ಟು?"

"ಅವರಿಗೂ ಅಷ್ಟೇ, ಯಜಮಾನ್ರೇ. ತಿಂಗಳ ರಿಟರ್ನ್ ಇರೋರಿಗೆಲ್ಲ ಎರಡು ಸಾವಿರ."

"ನಾನು ಮೊದಲಿಂದ ಇರೋನು. ನೂರಿನ್ನೂರು ಬಿಡು."

"ಬಿಲ್ಲನ್ನ ನಿಮ್ಮ ಹುಡುಗ ಏರಿಸಿಕೊಟ್ರೆ ಸಾವಿರದ ಏಳ್ನೂರು. ಕೆಲಸ ಕಮ್ಮಿ ಆದ್ರೆ ದುಡ್ಡು ಕಮ್ಮಿ ಮಾಡ್ತೀನಿ. ಅದೇ ಕೆಲಸಕ್ಕೆ ನಿಮಗೊಂದು, ಅವರಿಗೊಂದು ಮಾಡಿದ್ರೆ ನಾಳೆ ಇಬ್ಬರಿಗೂ ನಾನು ಸುಳ್ಳು ಹೇಳಿದಂಗಾಗುತ್ತೆ."

ರಿಯಾಯಿತಿ ಕೇಳಿದವರಿಗೆ ಕೊಡಬಹುದಾದ ಉತ್ತರ ಇದೊಂದೇ ಎಂದು ನಾವು ನಂಬುತ್ತೇವೆ: ಕೆಲಸ ಕಡಿಮೆ ಮಾಡಿ ದರ ಇಳಿಸುವುದು. ಗುಟ್ಟಾಗಿ ಬಿಟ್ಟ ಇನ್ನೂರು ರೂಪಾಯಿ ಪತ್ರದಲ್ಲಿ ಬರೆದ ಕಾರಣವನ್ನೇ ಸುಳ್ಳು ಮಾಡುತ್ತದೆ. ಒಂದೂವರೆ ಗಂಟೆಯ ಕೆಲಸ ಎಲ್ಲರ ಫೈಲಿನಲ್ಲೂ ಇದ್ದೇ ಇದೆಯಲ್ಲ. 1,700ರ ದಾರಿಯನ್ನು ಕೊನೆಗೆ ನಾಲ್ಕು ಜನ ಹಿಡಿದರು. ಅದರಲ್ಲಿ ಒಬ್ಬರ ಫೈಲ್ ತಪ್ಪುಗಳಿಂದ ತುಂಬಿ ಬಂದು, ತಿದ್ದುವುದಕ್ಕೇ ಮೊದಲಿಗಿಂತ ಹೆಚ್ಚು ಹೊತ್ತು ಹೋಯಿತು. ಎರಡು ತಿಂಗಳು ನೋಡಿ ಅವರನ್ನು ಮಾತಾಡಿಸಿ 2,000ಕ್ಕೆ ಮರಳಿಸಬೇಕಾಗಿ ಬಂದೀತು. ಇಂಥ ಕಡಿಮೆ ದರಕ್ಕೆ ಫೈಲ್ ಯಾವ ರೂಪದಲ್ಲಿ ಬರಬೇಕು ಎಂಬ ಮಾದರಿಯನ್ನು ಮೊದಲೇ ಕೊಟ್ಟಿರಬೇಕು: ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಬಿಲ್ ಸಂಖ್ಯೆ, ದಿನಾಂಕ, ತೆರಿಗೆಗೆ ಮೊದಲಿನ ಮೊತ್ತ, ತೆರಿಗೆ. ಈ ಐದೂ ಇಲ್ಲದಿದ್ದರೆ 2ಬಿ ಜೊತೆ ಹೊಂದಿಸಲಾಗದು.

ಇಬ್ಬರು ಬಿಟ್ಟುಹೋದರು. ಇಲ್ಲಿ ಈ ವೃತ್ತಿಯ ಒಂದು ಸೂಕ್ಷ್ಮವಿದೆ. ಅನೇಕ ಅಂಗಡಿಗಳ ಜಿಎಸ್‌ಟಿ ನೋಂದಣಿಯಲ್ಲಿ ಮಾಲೀಕರ ಮೊಬೈಲ್ ಸಂಖ್ಯೆಯ ಬದಲು ಸಲಹೆಗಾರರ ಕಚೇರಿಯದೇ ಇರುತ್ತದೆ. ಇಮೇಲ್ ಕೂಡ ಅವರದೇ. ಓಟಿಪಿ ಬರುವುದು ಕಚೇರಿಗೆ. ನೋಂದಣಿ ಮಾಡಿಸುವಾಗ ಅನುಕೂಲಕ್ಕೆ ಮಾಡಿದ್ದು. ದರ ಏರಿಸುವ ದಿನ ಮಾತ್ರ ಅದು ಬೀಗದ ಕೈ ತಮ್ಮಲ್ಲೇ ಇಟ್ಟುಕೊಂಡು ಬಾಡಿಗೆ ಏರಿಸಿದಂತೆ. ಅಂಗಡಿಯವರು ಬಾಯಿಬಿಟ್ಟು ಹೇಳದಿದ್ದರೂ ಹಾಗೇ ಅನಿಸುತ್ತದೆ. ಆದ್ದರಿಂದ ಲಾಗಿನ್ ಒಪ್ಪಿಸುತ್ತೇವೆ ಎಂಬ ಸಾಲು ಪತ್ರದಲ್ಲಿ ಇರಲೇಬೇಕು, ಒಪ್ಪಿಸುವುದೂ ಅಷ್ಟೇ ಸಲೀಸಾಗಿರಬೇಕು. ಪೋರ್ಟಲ್‌ನಲ್ಲಿ ನೋಂದಣಿ ತಿದ್ದುಪಡಿಯ ವಿಭಾಗಕ್ಕೆ ಹೋಗಿ, ಅಧಿಕೃತ ಸಹಿದಾರರ ವಿವರದಲ್ಲಿ ಮೊಬೈಲ್ ಮತ್ತು ಇಮೇಲ್ ಬದಲಿಸಿ, ಎರಡಕ್ಕೂ ಬರುವ ಓಟಿಪಿ ಹಾಕಿ ಸಲ್ಲಿಸಬೇಕು. ಇದಕ್ಕೆ ಅಧಿಕಾರಿಯ ಮಂಜೂರಾತಿ ಬೇಕಿಲ್ಲ. ಅಂಗಡಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡುವುದು ಒಳ್ಳೆಯದು, ಆಮೇಲೆ ಪಾಸ್‌ವರ್ಡ್ ಅವರೇ ಬದಲಿಸಿಕೊಳ್ಳಲಿ. ಜೊತೆಗೆ ಸಲ್ಲಿಸಿದ ರಿಟರ್ನ್‌ಗಳ ಪ್ರತಿ, ಖರೀದಿ ಮಾರಾಟದ ಪಟ್ಟಿ, 2ಬಿಯಲ್ಲಿ ಇನ್ನೂ ಕಾಣದ ಬಿಲ್‌ಗಳ ಪಟ್ಟಿ ಕೊಡಬೇಕು. ಕೊನೆಯದನ್ನು ಮರೆತರೆ ಅಂಗಡಿಯವರ ಜಮೆ ಹೊಸ ಕಚೇರಿಯಲ್ಲಿ ಕಳೆದುಹೋಗುತ್ತದೆ. ಅದಲ್ಲದೆ, ಉಳಿದ ಪಾರ್ಟಿಗಳ ನೋಂದಣಿಯಲ್ಲೂ ಅವರವರ ನಂಬರನ್ನೇ ಹಾಕಿಸುವುದು ಸರಿ. ಪತ್ರ ಕಳಿಸುವ ಮೊದಲೇ ಮಾಡಿದರೆ ಇನ್ನೂ ಸರಿ.

ಮೊದಲ ಬಿಲ್‌ಗಳು

ಎಷ್ಟು ಬರೆದು ಹೇಳಿದರೂ ಏಪ್ರಿಲ್ 22ಕ್ಕೆ ಹೋದ ಮೂರು ಬಿಲ್‌ಗಳಲ್ಲಿ 2,000 ಬಿದ್ದಿತ್ತು. ಅದು ಮಾರ್ಚ್ ರಿಟರ್ನ್, 1,500 ಇರಬೇಕಿತ್ತು. ಬಿಲ್ ಬರೆಯುವವರು ಬಿಲ್ಲಿನ ದಿನಾಂಕ ನೋಡಿ ದರ ಹಾಕಿದ್ದರು. ಬಿಲ್ ಪುಸ್ತಕದಲ್ಲಿ "ರಿಟರ್ನ್ ಅವಧಿ" ಎಂಬ ಕಲಂ ಇರಲಿಲ್ಲ. "ಜಿಎಸ್‌ಟಿ ಕೆಲಸದ ಫೀಸು" ಎಂದಷ್ಟೇ ಇತ್ತು. ಒಬ್ಬರು 2,000 ಕೊಟ್ಟೂ ಬಿಟ್ಟಿದ್ದರು. ಅವರಿಗೆ ಅದೇ ದಿನ 500 ವಾಪಸ್ ಹಾಕಿ, ಮೂವರಿಗೂ ಸರಿಯಾದ ಬಿಲ್ ಹೋಯಿತು. ಮುಂದಿನ ಬಿಲ್‌ಗೆ ಹೊಂದಿಸಿಕೊಳ್ಳುತ್ತೇವೆ ಎನ್ನಲಿಲ್ಲ. ಮೇ ಬಿಲ್ 2,000ದ ಬದಲು 1,500 ಎಂದು ಹೋಗಿದ್ದರೆ ಹೊಸ ದರ ಯಾವಾಗ ಶುರುವಾಯಿತು ಎಂಬುದೇ ಮತ್ತೆ ಕಲಸಿಹೋಗುತ್ತಿತ್ತು. ಬಿಲ್ಲಿನ ಮೊದಲ ಸಾಲಿನಲ್ಲೇ ಅವಧಿ ಅಚ್ಚಾಗುವಂತೆ ಮಾಡಿದ ಮೇಲೆ ಈ ತಪ್ಪು ನಿಂತಿತು. ಪತ್ರ ಬರೆಯುವ ದಿನವೇ ಮಾಡಬೇಕಾದ ಕೆಲಸ ಇದು.

ಮೊದಲ ವರ್ಷದ ಲೆಕ್ಕ ಹೀಗೆ ಬಂತು. ಇಬ್ಬರು ತಿಂಗಳ ಪಾರ್ಟಿಗಳು ಬಿಟ್ಟದ್ದರಿಂದ 48,000 ಕಡಿಮೆ. ನಾಲ್ವರ 1,700ರ ದರದಿಂದ 14,400 ಕಡಿಮೆ. ಮುಂಗಡದವರಿಂದ 17,500 ಕಡಿಮೆ. ಅಂದುಕೊಂಡ 3,31,200ರಲ್ಲಿ ಉಳಿದದ್ದು 2,51,300. ಏರಿದ ಖರ್ಚು 1,80,000 ಕಳೆದರೆ 71,300. ಪೂರ್ತಿ ದಿನದ ನೇಮಕಕ್ಕೆ ಇದು ಸಾಲದು. ತಿಂಗಳಿಗೆ 5,500ರಂತೆ ಅರ್ಧ ದಿನಕ್ಕೆ ಒಬ್ಬರು ಬಂದರು, ವರ್ಷಕ್ಕೆ 66,000. 14ರಿಂದ 20ರವರೆಗೆ ಮಾತ್ರ ಅವರು ಪೂರ್ತಿ ದಿನ ಕೂತು, ಉಳಿದ ದಿನಗಳಲ್ಲಿ ಅಷ್ಟು ಬೇಗ ಹೊರಡುತ್ತಾರೆ. 17ನೇ ತಾರೀಖಿನ ಪಟ್ಟಿ ಹೋಗುತ್ತಿರುವುದು ಅವರಿಂದಲೇ.

ಇನ್ನು ಉಳಿದದ್ದು ಮುಂಗಡ ಕೊಟ್ಟ ಐವರು. ಅವರಿಗೆ ಜನವರಿಯಲ್ಲಿ ಹೇಳಿದ್ದು ನವೆಂಬರ್‌ಗೆ ನೆನಪಿರುವುದಿಲ್ಲ. 2025ರ ದೀಪಾವಳಿ ಅಕ್ಟೋಬರ್‌ನಲ್ಲೇ ಬಂದದ್ದರಿಂದ, ಹಬ್ಬಕ್ಕೆ ಮೊದಲೇ, ಅಕ್ಟೋಬರ್ ಮೊದಲ ವಾರದಲ್ಲಿ ಅವರಿಗೆ ಮತ್ತೊಂದು ಮೆಸೇಜ್ ಹೋಯಿತು: ನವೆಂಬರ್ 2025ರ ವ್ಯಾಪಾರದಿಂದ ತಿಂಗಳಿಗೆ 2,000, ಹನ್ನೆರಡು ತಿಂಗಳಿಗೆ 24,000.